ಇನ್ನೊಬ್ಬರ ಬಾಯಿಗೆ ಮಾತು ಬರೆಯುವುದು

ನಮ್ಮ ಕಾಫಿ ತೋಟಗಳಲ್ಲಿ ‘ರೈಟರ್’ ಎಂಬ ಹುದ್ದೆಯೊಂದಿದೆ. ಹೊರಗಿನವರು ಈ ಮಾತು ಕೇಳಿದರೆ ಸಾಹಿತಿ ಎಂದುಕೊಂಡಾರು. ಇಲ್ಲಿಯವರಿಗೆ ಗೊತ್ತು, ರೈಟರ್ ಎಂದರೆ ಚೆಕ್‌ರೋಲ್ ಬರೆಯುವವನು. ಇಂದು ಯಾರು ಬಂದರು, ಯಾರು ಮರಗಸಿಗೆ ಹೋದರು, ಯಾರು ಹಣ್ಣು ಕುಯ್ದರು, ಸಂಜೆ ತಕ್ಕಡಿಯಲ್ಲಿ ಯಾರ ಚೀಲ ಎಷ್ಟು ತೂಗಿತು ಎಂಬುದೆಲ್ಲ ಅವನ ಪುಸ್ತಕಕ್ಕೆ ಏರುತ್ತದೆ. ದುಡಿದವರು ಒಬ್ಬರು, ಬರೆದವನು ಇನ್ನೊಬ್ಬ. ಬರೆದದ್ದು ತಪ್ಪಾದರೆ ನಷ್ಟ ಮಾತ್ರ ದುಡಿದವರಿಗೇ. ಇನ್ನೊಬ್ಬರಿಗೆ ಭಾಷಣ ಬರೆದುಕೊಡುವವನ ಕೆಲಸವೂ ಇಂಥದ್ದೇ. ಸಭೆಯಲ್ಲಿ ನಿಂತು ಅದನ್ನು ಹೇಳುವವರ ಮಾನ ಅವನ ಕೈಯಲ್ಲಿರುತ್ತದೆ. ಈ ಕೆಲಸ ನಾವು ಒಪ್ಪಿಕೊಳ್ಳುವುದಕ್ಕಿಂತ ಹೆಚ್ಚಾಗಿಯೇ ನಡೆಯುತ್ತಿದೆ. ಸಂಘದ ಅಧ್ಯಕ್ಷರ ಸ್ವಾಗತ ಭಾಷಣ, ನಿವೃತ್ತರಾದವರ ಕೃತಜ್ಞತೆಯ ಮಾತು, ಪಂಚಾಯಿತಿ ಅಧ್ಯಕ್ಷರ ಗಣರಾಜ್ಯೋತ್ಸವದ ಸಂದೇಶ, ಇವುಗಳಲ್ಲಿ ಎಷ್ಟೋ ಬೇರೆಯವರ ಕೈಬರಹ. ಅದನ್ನು ಕಳ್ಳತನವೆನ್ನಲು ನನಗೆ ಮನಸ್ಸಿಲ್ಲ. ಕೆಟ್ಟದಾಗಿ ನಡೆಯುತ್ತಿದೆ ಎನ್ನಬಲ್ಲೆ. ಹಾಗೆ ಕೆಡಲು ಕಾರಣ, ಒಬ್ಬರ ದನಿ ಅವರು ಬಳಸುವ ಪದಗಳಲ್ಲಿದೆ ಎಂದು ಬರೆಯುವವರು ನಂಬಿರುವುದು. ದನಿ ಇರುವುದು ಪದದಲ್ಲಲ್ಲ, ಮಾತು ಹಿಡಿಯುವ ದಾರಿಯಲ್ಲಿ. ಒಬ್ಬರು ಎಲ್ಲಿಂದ ಮಾತು ಎತ್ತುತ್ತಾರೆ, ಯಾವುದನ್ನು ಸಾಕ್ಷಿಯೆಂದು ನಂಬುತ್ತಾರೆ, ಎಲ್ಲಿ ನಿಲ್ಲಿಸಿಬಿಡುತ್ತಾರೆ ಎಂಬ ಮೂರರಲ್ಲಿ. ಇಂದಿನ ಉಪನ್ಯಾಸದಲ್ಲಿ ನಾನು ವಾದಿಸಬೇಕೆಂದಿರುವುದು ಇದೊಂದನ್ನೇ.

ಈ ಕಸುಬು ಹೊಸದಲ್ಲ. ಎರಡು ಸಾವಿರದ ನಾಲ್ಕುನೂರು ವರ್ಷಗಳ ಹಿಂದಿನ ಅಥೆನ್ಸಿನಲ್ಲಿ ವ್ಯಾಜ್ಯ ಬಂದವನು ನ್ಯಾಯಾಲಯದಲ್ಲಿ ತನ್ನ ಮಾತನ್ನು ತಾನೇ ಆಡಬೇಕಾಗಿತ್ತು. ಹಾಗಾಗಿ ಹಣ ಪಡೆದು ಕಕ್ಷಿದಾರನಿಗೆ ಭಾಷಣ ಬರೆದುಕೊಡುವವರು ಹುಟ್ಟಿಕೊಂಡರು. ಅವರಲ್ಲಿ ಲೀಸಿಯಾಸ್ ಹೆಸರುವಾಸಿ. ಬರೆದ ಮಾತು ಬರೆದವನದ್ದಾಗಿ ಕೇಳದೆ ಕಕ್ಷಿದಾರನದ್ದಾಗಿಯೇ ಕೇಳುತ್ತಿತ್ತು ಎಂಬುದು ಅವನ ಹೆಗ್ಗಳಿಕೆ. ಅವನು ಬರೆದ ಒಂದು ಭಾಷಣದಲ್ಲಿ, ತನ್ನ ಹೆಂಡತಿಯ ಜೊತೆಗಿದ್ದವನನ್ನು ಕೊಂದ ಯೂಫಿಲೆಟಸ್ ಎಂಬ ಗೃಹಸ್ಥ ತನ್ನನ್ನು ಸಮರ್ಥಿಸಿಕೊಳ್ಳುತ್ತಾನೆ. ಅಲ್ಲಿ ಅಲಂಕಾರವೇ ಇಲ್ಲ. ಅವನು ತನ್ನ ಮನೆಯ ವಿವರ ಹೇಳುತ್ತಾನೆ, ಮೇಲಿನ ಅಂತಸ್ತು ಯಾರಿಗೆ, ಕೆಳಗಿನದು ಯಾರಿಗೆ, ಮಗು ಹುಟ್ಟಿದ ಮೇಲೆ ಅದು ಹೇಗೆ ಅದಲುಬದಲಾಯಿತು ಎಂದು. ಒಂದು ರಾತ್ರಿ ಒಳಬಾಗಿಲೂ ಹೊರಬಾಗಿಲೂ ಕಿರುಗುಟ್ಟಿದ್ದು ಅವನಿಗೆ ಕೇಳಿಸಿತ್ತು. ಬೆಳಿಗ್ಗೆ ಕೇಳಿದರೆ, ಮಗುವಿನ ಬಳಿಯ ದೀಪ ಆರಿತ್ತು, ನೆರೆಮನೆಯಿಂದ ಹಚ್ಚಿಕೊಂಡು ಬಂದೆ ಎಂದಳಂತೆ ಹೆಂಡತಿ. ಅವಳ ಸಹೋದರ ಸತ್ತು ಇನ್ನೂ ತಿಂಗಳು ತುಂಬಿರಲಿಲ್ಲ, ಆದರೂ ಮುಖಕ್ಕೆ ಬಣ್ಣ ಹಚ್ಚಿಕೊಂಡಂತೆ ಕಾಣಿಸಿತು ಎಂದೂ ಸೇರಿಸುತ್ತಾನೆ. ಎಲ್ಲವನ್ನೂ ಕಂಡ, ಏನೂ ಅನುಮಾನಿಸಲಿಲ್ಲ. ಕಾಣುವುದಕ್ಕೂ ಅನುಮಾನಿಸುವುದಕ್ಕೂ ನಡುವಿನ ಈ ಅಂತರವೇ ಆ ಮನುಷ್ಯನ ದನಿ. ಅವನು ಊರಿನಲ್ಲಿ ಯಾವ ಪದ ಹೆಚ್ಚು ಬಳಸುತ್ತಿದ್ದ ಎಂಬುದು ನಮಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಬಾಗಿಲಿನ ಕಿರುಗುಡುವಿಕೆಯನ್ನು ನೆನಪಿಟ್ಟುಕೊಳ್ಳುವ ಮನುಷ್ಯ ಎಂಥವನೆಂದು ನಮಗೆ ಗೊತ್ತಾಗಿಬಿಟ್ಟಿದೆ.

ಹತ್ತಿರದ ನಿದರ್ಶನ ಬೇಕಾದರೆ ಕನ್ನಡಿಗರೇ ಆದ ಎಚ್.ವೈ. ಶಾರದಾ ಪ್ರಸಾದ್ ಇದ್ದಾರೆ. 1966ರಿಂದ ಬಹುಕಾಲ ಇಂದಿರಾ ಗಾಂಧಿಯವರ ಮಾಧ್ಯಮ ಸಲಹೆಗಾರರಾಗಿದ್ದು ಅವರ ಭಾಷಣಗಳಿಗೆ ರೂಪ ಕೊಟ್ಟವರು. ಶಿವರಾಮ ಕಾರಂತರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಇಂಗ್ಲಿಷಿಗೆ ಹೋದದ್ದು ಅವರ ಕೈಯಿಂದ, ಆರ್.ಕೆ. ನಾರಾಯಣರ ಸ್ವಾಮಿ ಕನ್ನಡಕ್ಕೆ ಬಂದದ್ದೂ ಅವರ ಕೈಯಿಂದ. ಅನುವಾದ ಮಾಡಿದವನಿಗೆ ತನ್ನ ದನಿಯನ್ನು ಹಿಂದಕ್ಕೆ ಸರಿಸಿ ಇನ್ನೊಬ್ಬರದನ್ನು ಮುಂದಿಡುವ ಅಭ್ಯಾಸ ಆಗಿರುತ್ತದೆ. ಮುಂದೆ ತಮ್ಮ ಪ್ರಬಂಧ ಸಂಕಲನವೊಂದಕ್ಕೆ ಅವರು ಇಟ್ಟ ಹೆಸರೇ ‘ನಾನು ಬರೆಯದಿರುವ ಪುಸ್ತಕ’ ಎಂಬರ್ಥದ್ದು. ಅಷ್ಟು ವರ್ಷ ಅಷ್ಟು ಹತ್ತಿರ ಇದ್ದವರಿಗೆ ಸಂದರ್ಶನದ ಅಗತ್ಯವಿರಲಿಲ್ಲ, ದಿನದ ಒಡನಾಟವೇ ಸಂದರ್ಶನ. ನಮ್ಮ ಮೂಡಿಗೆರೆಯಲ್ಲೋ ಕಳಸದಲ್ಲೋ ಒಬ್ಬರಿಗೆ ಏಳು ನಿಮಿಷದ ಭಾಷಣ ಬರೆದುಕೊಡಬೇಕಾದವನಿಗೆ ಸಿಗುವುದು ಹೆಚ್ಚೆಂದರೆ ಎರಡು ಮಧ್ಯಾಹ್ನ. ಆ ವರ್ಷಗಳ ಒಡನಾಟದಲ್ಲಿ ತಾನಾಗಿ ತಿಳಿಯುತ್ತಿದ್ದುದನ್ನು ಎರಡು ಮಧ್ಯಾಹ್ನಗಳಲ್ಲಿ ಕೇಳಿ ತಿಳಿದುಕೊಳ್ಳಬೇಕು. ಹಾಗಾಗಿ ಏನು ಕೇಳಬೇಕೆಂಬುದೇ ಇಲ್ಲಿ ಮುಖ್ಯವಾಗುತ್ತದೆ.

ವಾದ ಗಾಳಿಯಲ್ಲಿ ನಿಲ್ಲದಿರಲಿ ಎಂದು ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಇದು ಯಾವ ಒಬ್ಬರ ಕತೆಯೂ ಅಲ್ಲ. ಮೂಡಿಗೆರೆ ಸೀಮೆಯ ಒಂದು ಗ್ರಾಮ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆ ಮಹಿಳೆಯರಿಗೆ ಮೂರನೇ ಒಂದರಷ್ಟು ಸ್ಥಾನ ಮೀಸಲಿಟ್ಟಿತು, ಮುಂದೆ ಅದು ಅರ್ಧಕ್ಕೆ ಏರಿತು. ಹೀಗೆ ಬಂದ ಮೀಸಲಾತಿಯಲ್ಲಿ ಲೈನ್ ಮನೆಯಲ್ಲಿ ಬೆಳೆದು, ಇಪ್ಪತ್ತು ವರ್ಷ ಹಣ್ಣು ಕುಯ್ದ ಹೆಂಗಸೊಬ್ಬರು ಅಧ್ಯಕ್ಷರಾಗಿದ್ದಾರೆ. ಜನವರಿ 26ಕ್ಕೆ ಧ್ವಜ ಹಾರಿಸಿ ಮಾತಾಡಬೇಕು. ಕಚೇರಿಯಲ್ಲಿ ಸಿದ್ಧವಾದ ಭಾಷಣ ಮೇಜಿನ ಮೇಲಿದೆ. ವೇದಿಕೆಯ ಮೇಲೆ ಆಸೀನರಾಗಿರುವವರ ಸಾಲಿನಿಂದ ಅದು ಶುರುವಾಗಿ, ಮೂಲಸೌಕರ್ಯಗಳ ಸಮಗ್ರ ಅಭಿವೃದ್ಧಿಯನ್ನು ಹಾದು, ಎಲ್ಲರೂ ಕೈಜೋಡಿಸಬೇಕೆಂಬ ಕರೆಯೊಂದಿಗೆ ಮುಗಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಹೆಸರು ಬದಲಿಸಿದರೆ ಬೀದರಿನ ಪಂಚಾಯಿತಿಯಲ್ಲೂ ಓದಬಹುದು, ಇಪ್ಪತ್ತು ವರ್ಷ ಬಿಟ್ಟೂ ಓದಬಹುದು. ಅಧ್ಯಕ್ಷರಿಗೆ ನಿಜವಾಗಿ ಆಗಬೇಕಾದದ್ದು ಒಂದೇ: ಲೈನಿನ ಮಕ್ಕಳು ಶಾಲೆಗೆ ಹೋಗುವ ದಾರಿಯ ಹಳ್ಳಕ್ಕೆ ಒಂದು ಕಾಲುಸಂಕ.

ಬರೆಯುವವನು ಅವರ ಬಳಿ ಹೋಗಿ, “ಅಕ್ಕಾ, ಏನು ಹೇಳಬೇಕು ಅಂದ್ಕೊಂಡಿದೀರಿ?” ಎಂದು ಕೇಳಿದರೆ ಸಂದರ್ಶನ ಅಲ್ಲಿಗೇ ಕೆಟ್ಟಿತು. ಆ ಪ್ರಶ್ನೆಗೆ ಯಾರೇ ಆದರೂ ಸಭೆಯ ಭಾಷೆಯಲ್ಲೇ ಉತ್ತರಿಸುತ್ತಾರೆ, ಅಭಿವೃದ್ಧಿ, ಸಹಕಾರ, ಎಲ್ಲರ ಆಶೀರ್ವಾದ ಎಂದು. ಅಭಿಪ್ರಾಯ ಕೇಳಿದರೆ ಜನ ಎರವಲು ಮಾತು ತರುತ್ತಾರೆ, ನಡೆದದ್ದನ್ನು ಕೇಳಿದರೆ ಸ್ವಂತ ಮಾತು ತರುತ್ತಾರೆ. ಹಾಗಾಗಿ ಕೇಳಬೇಕಾದ್ದು, “ಹಳ್ಳದಲ್ಲಿ ನೀರು ಏರಿದ ದಿನ ಬೆಳಿಗ್ಗೆ ಎದ್ದು ಮೊದಲು ಏನು ಮಾಡಿದ್ರಿ?” ಎಂಬಂಥದ್ದು. ಕಚೇರಿಯ ಕುರ್ಚಿಗಿಂತ ಮನೆಯ ಜಗಲಿ ಮೇಲು, ಕೈಯಲ್ಲಿ ಏನಾದರೂ ಕೆಲಸವಿದ್ದರೆ ಇನ್ನೂ ಮೇಲು. ಗಂಡನೋ ಪಿಡಿಒ ಅವರೋ ಪಕ್ಕದಲ್ಲಿ ಕುಳಿತಿದ್ದರೆ ಉತ್ತರ ಅವರ ಕಡೆ ತಿರುಗುತ್ತದೆ. ಅವರನ್ನು ಒರಟಾಗಿ ಕಳಿಸುವ ಹಾಗಿಲ್ಲ, ಆದರೆ ಎರಡು ಭೇಟಿಗಳಲ್ಲಿ ಒಂದಾದರೂ ಅವರಿಲ್ಲದ ಹೊತ್ತಿನಲ್ಲಾಗಬೇಕು. ಮನೆಮಾತು ತುಳುವೋ ತಮಿಳೋ ಆಗಿರುವುದು ನಮ್ಮ ತೋಟಗಳಲ್ಲಿ ಸಾಮಾನ್ಯ. ಆಗ ಆ ಮಾತಿನಲ್ಲೇ ಕತೆ ಹೇಳಲು ಬಿಟ್ಟು, ಬೇಕಾದರೆ ಮತ್ತೊಬ್ಬರಿಂದ ಅರ್ಥ ಕೇಳಿಕೊಳ್ಳಬೇಕು.

ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಂಡದ್ದನ್ನು ಬರೆಯುವವನು ತಾನೇ ಕುಳಿತು ಅಕ್ಷರಕ್ಕಿಳಿಸಬೇಕು. ಒಂದು ಗಂಟೆಯ ಮಾತಿಗೆ ನಾಲ್ಕೈದು ಗಂಟೆ ಹಿಡಿಯುತ್ತದೆ, ಬೇರೆಯವರ ಕೈಗೆ ಕೊಟ್ಟರೆ ಕಸುಬಿನ ಅರ್ಧ ಕೈತಪ್ಪಿ ಹೋಗುತ್ತದೆ. ಒಂದು ಉಸಿರಿಗೆ ಒಂದು ಸಾಲು ಎಂಬಂತೆ ಬರೆದುಕೊಳ್ಳುವುದು ಒಳ್ಳೆಯದು. ಹಾಗೆ ಬರೆದ ಹಾಳೆಯಲ್ಲಿ ನಮ್ಮ ಅಧ್ಯಕ್ಷರ ಮಾತಿನ ದಾರಿ ಕಾಣಿಸುತ್ತದೆ ಎಂದುಕೊಳ್ಳಿ. ಅವರು ಯಾವ ಕತೆಯನ್ನೂ ಊರಿನಿಂದಾಗಲಿ ದಿನಾಂಕದಿಂದಾಗಲಿ ಎತ್ತುವುದಿಲ್ಲ, ಪಕ್ಕದಲ್ಲಿ ಯಾರಿದ್ದರು ಎಂಬಲ್ಲಿಂದ ಎತ್ತುತ್ತಾರೆ: ನಾನೂ ನಮ್ಮಕ್ಕನ ಮಗಳೂ ಹೋಗ್ತಾ ಇದ್ವಿ, ಎಂದು. ನಂಬಿಸಬೇಕಾದಾಗ ಎಣಿಸುತ್ತಾರೆ. ಇಪ್ಪತ್ತು ವರ್ಷ ಸಂಜೆಯ ತಕ್ಕಡಿಯೆದುರು ನಿಂತವರು, ಬರೆಸಿಕೊಳ್ಳದ ಕಿಲೋ ಕುಯ್ಯದ ಕಿಲೋ ಎಂದು ಕಲಿತವರು. ಎಷ್ಟು ಮಕ್ಕಳು, ಎಷ್ಟು ಕೊಡೆ, ಎಷ್ಟು ದಿನ ಎಂದು ಲೆಕ್ಕ ಹೇಳಿದ ಮೇಲೆಯೇ ಅವರಿಗೆ ಸಮಾಧಾನ. ಮುಗಿಸುವಾಗ ಏನನ್ನೂ ಬೇಡುವುದಿಲ್ಲ. ಲೆಕ್ಕ ಹೇಳಿ ಸುಮ್ಮನಾಗುತ್ತಾರೆ. ಕಚೇರಿಯ ಭಾಷಣ ಈ ಮೂರಕ್ಕೂ ತದ್ವಿರುದ್ಧವಾಗಿದೆ: ಸಂಸ್ಥೆಯಿಂದ ಎತ್ತುತ್ತದೆ, ವಿಶೇಷಣದಿಂದ ನಂಬಿಸುತ್ತದೆ, ಮನವಿಯಿಂದ ಮುಗಿಸುತ್ತದೆ. ಅದರೊಳಗೆ ಎಷ್ಟೇ ಗ್ರಾಮ್ಯ ಪದ ಸುರಿದರೂ ಅದು ಅವರ ಮಾತಾಗದು.

ನಾಲ್ಕೈದು ದಿನ ಬಿಟ್ಟು ಎರಡನೆಯ ಭೇಟಿ. ಅಲ್ಲಿ ಅದೇ ಕತೆಯನ್ನು ಮತ್ತೆ ಕೇಳಬೇಕು. ಇದು ಸಂಕೋಚದ ಕೆಲಸ. “ಅವತ್ತೇ ಹೇಳಿದ್ನಲ್ಲ” ಎಂಬ ಮಾತು ಬಂದೇ ಬರುತ್ತದೆ. ಆದರೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಕಾಣುವುದಿಲ್ಲ. ಮೊದಲ ಸಲ ಹೇಳುವಾಗ ಎದುರಿಗೆ ಕುಳಿತವನಿಗಾಗಿ ಒಂದಿಷ್ಟು ಹೊಂದಿಸಿಕೊಂಡಿರುತ್ತಾರೆ. ಎರಡೂ ಸಲ ಬದಲಾಗದೆ ಉಳಿದದ್ದು ಅವರದ್ದು. ನಮ್ಮ ಪ್ರಸಂಗದಲ್ಲಿ ಮೊದಲ ಸಲ ಹಳ್ಳದ ನೀರು ಮೊಣಕಾಲಿನವರೆಗೆ ಇತ್ತು, ಎರಡನೆಯ ಸಲ ಸೊಂಟದವರೆಗೆ ಏರಿತು. ಎರಡೂ ಸಲ ಉಳಿದದ್ದು, ಮಕ್ಕಳು ದಾಟುವಾಗ ಅವರ ಪಾಟಿಚೀಲಗಳನ್ನೆಲ್ಲ ತಾನು ಕೊರಳಿಗೆ ಹಾಕಿಕೊಂಡು ಈಚೆ ದಡದಲ್ಲಿ ನಿಂತಿದ್ದೆ ಎಂಬುದು. ಭಾಷಣ ನಿಲ್ಲಬೇಕಾದ್ದು ಈ ಚಿತ್ರದ ಮೇಲೆ. ನೀರಿನ ಆಳದ ವಿಷಯ ಬೇರೆ. ನೆನಪು ದನಿಗೆ ಆಧಾರ, ಸಂಗತಿಗೆ ಸಾಲದು. ಅಧ್ಯಕ್ಷರು ಧ್ವಜದ ಕೆಳಗೆ ನಿಂತು ಹೇಳಿದ ಅಂಕಿಗೆ ನಾಳೆ ಉತ್ತರ ಕೊಡಬೇಕಾದವರು ಅವರೇ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಮಳೆಗಾಲ ಲೈನಿನ ಮಕ್ಕಳು ಎಷ್ಟು ದಿನ ಗೈರು ಎಂದು ನೋಡಿ ತಂದು, “ಅಕ್ಕಾ, ಪುಸ್ತಕದಲ್ಲಿ ಹೀಗಿದೆ” ಎಂದು ಅವರ ಮುಂದಿಟ್ಟರೆ ಎಣಿಸುವ ಸ್ವಭಾವದವರು ಅದನ್ನು ತಕ್ಷಣ ಹಿಡಿದುಕೊಳ್ಳುತ್ತಾರೆ. ಆಳದ ಮಾತು ಬಿಟ್ಟುಹೋಗುತ್ತದೆ.

ಪದಗಳ ಗೊಡವೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಎಲ್ಲರಿಗೂ ಮಾತಿನ ಚಟಗಳಿರುತ್ತವೆ: ಗೊತ್ತಾಯ್ತಾ, ಅದಿರ್ಲಿ, ಮಾರಾಯ್ರೇ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಮೊದಲು ಹೆಕ್ಕಿಕೊಳ್ಳುವುದು ಇವನ್ನೇ, ಮಿಮಿಕ್ರಿಯವರು ಹೆಕ್ಕುವ ಹಾಗೆ. ಆಡುಮಾತಿನಲ್ಲಿ ನಲವತ್ತು ಸಲ ಬಂದರೂ ಕಿವಿ ಅದನ್ನು ಸೋಸಿಬಿಡುತ್ತದೆ, ಭಾಷಣದಲ್ಲಿ ಮೂರು ಸಲ ಬಂದರೆ ಸಭೆ ನಗುತ್ತದೆ. ಹೇಳುವವರನ್ನೇ ನೋಡಿ ನಗುತ್ತದೆ ಎಂಬುದು ಇದರ ಕ್ರೌರ್ಯ. ಚಟದ ಪದ ಎಷ್ಟು ಸಲ ಬಂತೆಂದು ಎಣಿಸುವುದಕ್ಕಿಂತ ಅದು ಮಾಡುತ್ತಿದ್ದ ಕೆಲಸವೇನೆಂದು ನೋಡಬೇಕು. ನಮ್ಮ ಅಧ್ಯಕ್ಷರು ‘ಅದಿರ್ಲಿ’ ಎನ್ನುವುದು ದೂರು ಮುಗಿಸಿ ಲೆಕ್ಕಕ್ಕೆ ತಿರುಗುವಾಗ ಮಾತ್ರ ಎಂದಾದರೆ, ಏಳು ನಿಮಿಷದಲ್ಲಿ ಅಂಥ ತಿರುವು ಇರುವುದು ಒಂದೇ ಕಡೆ, ಪದ ಬರಬೇಕಾದ್ದೂ ಅಲ್ಲಿ ಒಂದೇ ಸಲ. ಸಭೆಯಲ್ಲಿ ನಿಧಾನವಾಗಿ ಮಾತಾಡುವವರಿಗೆ ನಿಮಿಷಕ್ಕೆ ನೂರು ಪದದ ಆಸುಪಾಸು ಸಾಕು. ಚಪ್ಪಾಳೆ, ಉಸಿರು, ತಡವರಿಕೆ ಕಳೆದರೆ ಏಳು ನಿಮಿಷಕ್ಕೆ ಆರುನೂರು ಪದ. ಅಷ್ಟರಲ್ಲಿ ಒಂದೇ ಕತೆ ಹಿಡಿಸುತ್ತದೆ, ಎರಡು ಹಾಕಿದರೆ ಎರಡೂ ವರದಿಯಾಗುತ್ತವೆ.

ಉಚ್ಚಾರಣೆಯನ್ನು ಹೇಗೆ ಬರೆಯುವುದೆಂಬ ಪ್ರಶ್ನೆಗೆ ಮೂಡಿಗೆರೆಯಲ್ಲೇ ಉತ್ತರದ ಸುಳಿವಿದೆ. 1980ರಲ್ಲಿ ಬಂದ ‘ಕರ್ವಾಲೊ’ ಕಾದಂಬರಿಯಲ್ಲಿ ತೇಜಸ್ವಿಯವರು ಮಂದಣ್ಣನ ಬಾಯಿಗೆ ಇಲ್ಲಿಯ ಆಡುಮಾತನ್ನು ಕೊಟ್ಟರು. ಓದುಗನಿಗೆ ಮಂದಣ್ಣ ಕಾಣಿಸುವುದು ಕಾಗದದ ಮೇಲೆ ಮಾತ್ರ, ಹಾಗಾಗಿ ಅವನ ನಾಲಗೆಯನ್ನೂ ಕಾಗದವೇ ಒದಗಿಸಬೇಕಿತ್ತು. ಭಾಷಣದ ಕಾಗದವನ್ನು ಯಾರೂ ನೋಡುವುದಿಲ್ಲ. ಹೇಳುವವರ ನಾಲಗೆ ಅಲ್ಲೇ ಇದೆ. ‘ಹೋಗುತ್ತಿದ್ದೆವು’ ಎಂದು ಬರೆದದ್ದನ್ನು ಅವರು ‘ಹೋಗ್ತಿದ್ವಿ’ ಎಂದೇ ಓದುತ್ತಾರೆ. ‘ಓಯ್ತಿದ್ವಿ’ ಎಂದು ಬರೆದುಕೊಟ್ಟರೆ ಓದಲು ತಡವರಿಸುತ್ತಾರೆ, ಬರೆದವನು ತಮ್ಮ ಬಗ್ಗೆ ಏನೆಂದುಕೊಂಡಿದ್ದಾನೆಂದೂ ತಿಳಿದುಕೊಳ್ಳುತ್ತಾರೆ. ಕಾಗುಣಿತ ಎಲ್ಲರದ್ದೇ ಇರಲಿ. ಪದದಲ್ಲಿ ‘ಸಂಕ’ವನ್ನು ‘ಪಾದಚಾರಿ ಸೇತುವೆ’ ಮಾಡದಿರಲಿ. ವಾಕ್ಯ ಅವರ ಕ್ರಮದಲ್ಲಿ ನಡೆಯಲಿ. ಹೀಗೆ ಕಟ್ಟಿದ ತುಣುಕು ಇಂಥದ್ದಾಗಬಹುದು: “ನಾನೂ ಏಳು ಮಕ್ಕಳೂ ಹಳ್ಳದ ಹತ್ತಿರ ನಿಂತಿದ್ದೆವು. ಏಳು ಚೀಲ ನನ್ನ ಕೊರಳಲ್ಲಿತ್ತು. ಮಕ್ಕಳು ಒಬ್ಬೊಬ್ಬರೇ ದಾಟಿದರು. ಮಕ್ಕಳು ಆಚೆ, ಪುಸ್ತಕ ಈಚೆ. ಅದಿರಲಿ. ಆ ಮಳೆಗಾಲ ಆ ಏಳು ಮಕ್ಕಳು ಶಾಲೆಗೆ ಹೋಗದ ದಿನ ಎಷ್ಟು ಅಂತ ಹಾಜರಿ ಪುಸ್ತಕದಲ್ಲಿದೆ. ನಾನು ನೋಡಿ ಬಂದಿದ್ದೇನೆ.” ಮುಂದಿನ ವಾಕ್ಯ ಆ ಸಂಖ್ಯೆ, ಸಂಖ್ಯೆಯ ಮುಂದೆ ಏನೂ ಇಲ್ಲ. ‘ಆದ್ದರಿಂದ ಸಂಬಂಧಪಟ್ಟವರು’ ಎಂದು ಸೇರಿಸಲು ಬರೆಯುವವನ ಕೈ ತುರಿಸುತ್ತದೆ. ಸೇರಿಸಿದರೆ ಅದು ಬರೆದವನ ಮಾತು.

ಈಗ ಆಕ್ಷೇಪಗಳು. ಮೊದಲನೆಯದು, ಇದೆಲ್ಲ ಮೋಸವಲ್ಲವೇ ಎಂಬುದು. ಕನ್ನಡದಲ್ಲಿ ‘ನಿರೂಪಣೆ’ ಎಂಬ ಪ್ರಾಮಾಣಿಕ ಪದವೊಂದಿದೆ. ರೈತ ಹೋರಾಟಗಾರ ಕಡಿದಾಳು ಶಾಮಣ್ಣನವರ ಆತ್ಮಕಥನ ‘ಕಾಡ ತೊರೆಯ ಜಾಡು’ ಕೃತಿಯನ್ನು ನಿರೂಪಿಸಿದವರು ಅಕ್ಷತಾ ಹುಂಚದಕಟ್ಟೆ, ಪುಸ್ತಕ ಅದನ್ನು ಮುಚ್ಚಿಡುವುದಿಲ್ಲ. ಭಾಷಣಕ್ಕೆ ಮುಖಪುಟವಿಲ್ಲ, ಬರೆದವನ ಹೆಸರು ಹಾಕಲು ಜಾಗವಿಲ್ಲ. ಹಾಗಾಗಿ ಪ್ರಾಮಾಣಿಕತೆಯ ಭಾರ ಬೇರೆ ಕಡೆ ಬೀಳುತ್ತದೆ: ಮಾತಿನಲ್ಲಿರುವ ಪ್ರತಿಯೊಂದು ಅನುಭವವೂ ಹೇಳುವವರದ್ದೇ ಆಗಿರಬೇಕು, ಪ್ರತಿಯೊಂದು ಬೇಡಿಕೆಗೂ ಅವರು ನಾಳೆ ಕಾಗದವಿಲ್ಲದೆ ಉತ್ತರಿಸಬಲ್ಲವರಾಗಿರಬೇಕು. ಬರೆದವನು ಸೊಗಸಿಗಾಗಿ ಒಬ್ಬ ಅಜ್ಜಿಯನ್ನು ಸೃಷ್ಟಿಸಿ ಕತೆ ಹೇಳಿಸಿದರೆ ಅದು ಮೋಸವೇ, ಅಜ್ಜಿಯ ಮಾತು ಎಷ್ಟೇ ಚೆಂದವಿರಲಿ. ಅದಕ್ಕೆ ಎದುರಾಗಿ, ಕಚೇರಿಯ ಸಿದ್ಧ ಭಾಷಣವನ್ನು ಯಾರೂ ಮೋಸವೆನ್ನುವುದಿಲ್ಲ, ಅದರಲ್ಲಿ ಹೇಳುವವರ ಅನುಭವ ಒಂದು ಸಾಲೂ ಇರುವುದಿಲ್ಲ. ನಾವು ಅನುಮಾನಿಸುವ ಜಾಗವೇ ತಪ್ಪಿದೆಯೇನೋ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಅಧ್ಯಕ್ಷರಿಗೆ ತಮ್ಮ ಜಗಲಿಯ ಮಾತು ಬೇಡವೇ ಬೇಡ, ಅವರಿಗೆ ಬೇಕಾದ್ದು ದೊಡ್ಡ ಮಾತು. ಇಪ್ಪತ್ತು ವರ್ಷ ಇನ್ನೊಬ್ಬರ ಕಣದಲ್ಲಿ ನಿಂತವರು ಈಗ ವೇದಿಕೆಯ ಮೇಲಿದ್ದಾರೆ. ‘ಆಸೀನರಾಗಿರುವ’ ಎಂಬ ಪದವನ್ನು ಇಷ್ಟು ದಿನ ಬೇರೆಯವರು ಹೇಳುತ್ತಿದ್ದರು, ಇಂದು ಅವರು ಹೇಳಬೇಕು. ‘ನಿಮ್ಮ ಸಹಜ ಮಾತೇ ಚೆಂದ’ ಎಂದು ಅವರಿಗೆ ಹೇಳಲು ಓದಿದವನಿಗೆ ಯಾವ ಅಧಿಕಾರವಿದೆ? ಇದನ್ನು ನಾನು ಬಹುಪಾಲು ಒಪ್ಪುತ್ತೇನೆ. ಮಲೆನಾಡಿನವರಿಗೆ ಉನ್ನತ ಕನ್ನಡ ಅನ್ಯವಲ್ಲ. ಮಳೆಗಾಲದ ತಾಳಮದ್ದಲೆಯಲ್ಲಿ, ಬಯಲಾಟದ ಅರ್ಥಗಾರಿಕೆಯಲ್ಲಿ ಅದನ್ನು ಕಿವಿತುಂಬ ಕೇಳಿ ಬೆಳೆದವರು ಅಕ್ಷರ ಬಾರದಿದ್ದರೂ ಅದರ ಏರಿಳಿತ ಬಲ್ಲರು. ಹಾಗಾಗಿ ಸಂದರ್ಶನದಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಯಾರ ಮಾತು ಕೇಳಲು ನಿಮಗೆ ಇಷ್ಟ ಎಂಬುದು. ಒಬ್ಬರು ಮೆಚ್ಚುವ ದನಿಯೂ ಅವರ ದನಿಯ ಭಾಗ. ಸಂಬೋಧನೆ ಪೂರ್ತಿ ಇರಲಿ, ಸಂವಿಧಾನದ ಹೆಸರು ಎದೆತುಂಬ ಬರಲಿ. ಪದ ದೊಡ್ಡದಾದರೂ ದಾರಿ ಅವರದ್ದೇ ಆಗಿರಬಹುದು, ನನ್ನ ವಾದಕ್ಕೆ ಇದರಿಂದ ಬಲವೇ ಬರುತ್ತದೆ. ಆದರೆ ಓದುವಾಗ ನಾಲಗೆ ಎರಡು ಸಲ ಎಡವಿದ ಪದವನ್ನು ತೆಗೆಯಬೇಕು. ಅದು ಅವರಿಗೆ ಬೇಡವೆಂದಲ್ಲ, ವೇದಿಕೆಯ ಮೇಲೆ ಮೂರನೆಯ ಸಲ ಎಡವಿಸಬಾರದೆಂದು.

ಮೂರನೆಯದು ಅಧಿಕಾರದ ಪ್ರಶ್ನೆ, ಇದಕ್ಕೆ ಪೂರ್ಣ ಉತ್ತರವಿಲ್ಲ. ಕತೆ ಕೇಳಿದವನು ಆಯ್ದುಕೊಳ್ಳುತ್ತಾನೆ, ಆಯ್ಕೆಯೇ ಆಳ್ವಿಕೆ. ಲೈನ್ ಮನೆಯ ಹೆಂಗಸಿನ ಕತೆಯನ್ನು ತೋಟದ ಮನೆಯ ಮಗ ಬರೆದರೆ ಅವಳ ಬಡತನ ಮುಂದೆ ಬಂದು ಅವಳ ಜಗಳ ಹಿಂದೆ ಸರಿಯುವ ಸಂಭವ ಹೆಚ್ಚು. ಕರಡು ಓದಿ ತೋರಿಸುವ ಹಂತದಲ್ಲಿ ಇದನ್ನು ಸ್ವಲ್ಪ ಮಟ್ಟಿಗೆ ತಡೆಯಬಹುದು. ಬರೆದವನು ಗಟ್ಟಿಯಾಗಿ ಓದಬೇಕು, ಅವರು ಕೇಳಬೇಕು. “ಚೆನ್ನಾಗಿದೆ” ಎಂದರೆ ಸಂತೋಷಪಡುವ ಹಾಗಿಲ್ಲ, ಅದು ಮರ್ಯಾದೆಯ ಮಾತು. ಮಧ್ಯೆ ಬಾಯಿ ಹಾಕಿ, “ಹಂಗಲ್ಲ, ಚೀಲ ಎಡಗಡೆ ಹಾಕ್ಕೊಂಡಿದ್ದೆ” ಎಂದರೆ ಕರಡು ಸರಿದಾರಿಯಲ್ಲಿದೆ: ಅವರು ಕೇಳುವುದು ಬಿಟ್ಟು ತಮ್ಮ ಹಳ್ಳದ ದಡಕ್ಕೆ ಹೋಗಿ ನಿಂತಿದ್ದಾರೆ. “ಇದನ್ನ ಬರೀಬೇಡಿ” ಎಂದು ಹೇಳಿದ ಕತೆ ಎಷ್ಟೇ ಒಳ್ಳೆಯದಿರಲಿ, ಕಾಗದದಿಂದಲೂ ಧ್ವನಿಮುದ್ರಿಕೆಯಿಂದಲೂ ಅಳಿಸಬೇಕು. ಎರಡು ಭೇಟಿಯ ನಂತರವೂ ಅವರಿಗೆ ಹೇಳಬೇಕೆನ್ನಿಸುವ ಒಂದು ಸಂಗತಿಯೂ ಸಿಗದಿದ್ದರೆ ನಾಲ್ಕು ಸಾಲಿನ ಶುಭಾಶಯ ಬರೆದುಕೊಟ್ಟು ಏಳುವುದು ಸರಿ.

ಕಾಗದ ಹೇಗಿರಬೇಕೆಂಬುದು ಸಣ್ಣ ಮಾತು, ಆದರೂ ಹೇಳಿಬಿಡುತ್ತೇನೆ. ದಪ್ಪ ಅಕ್ಷರ, ಉಸಿರಿಗೊಂದು ಸಾಲು, ಹಾಳೆಯ ಒಂದೇ ಮಗ್ಗುಲು, ವಾಕ್ಯ ಪುಟದ ಕೊನೆಯಲ್ಲಿ ಮುರಿಯದಂತೆ. ಓದು ಕಷ್ಟವಾದವರಿಗೆ ವಾಕ್ಯಗಳ ಬದಲು ಹತ್ತು ಹನ್ನೆರಡು ಕೊಂಡಿ ಪದಗಳು ಸಾಕು: ಏಳು ಮಕ್ಕಳು, ಚೀಲ, ಆಚೆ ಈಚೆ, ಹಾಜರಿ ಪುಸ್ತಕ. ದಾರಿ ಅವರದ್ದೇ ಆಗಿದ್ದರೆ ಇಷ್ಟು ಹಿಡಿದೇ ನಡೆಯುತ್ತಾರೆ, ಬರೆದವನ ದಾರಿಯಾಗಿದ್ದರೆ ಪೂರ್ತಿ ಬರೆದುಕೊಟ್ಟರೂ ನಡುವೆ ನಿಲ್ಲುತ್ತಾರೆ. ಕೆಲಸ ಹೇಗಾಯಿತೆಂದು ಸಭೆ ಮುಗಿದ ಮೇಲೆ ತಿಳಿಯುತ್ತದೆ. “ಯಾರು ಬರ್ಕೊಟ್ರು?” ಎಂದು ಯಾರಾದರೂ ಕೇಳಿದರೆ ಎಲ್ಲೋ ತಪ್ಪಿದೆ. ಹಳ್ಳದ ಬಗ್ಗೆ ಕೇಳಿದರೆ, ಮಕ್ಕಳ ಹೆಸರು ಕೇಳಿದರೆ, ಲೆಕ್ಕದ ಮೇಲೆ ಜಗಳಕ್ಕೆ ಬಂದರೆ ತಪ್ಪಿಲ್ಲ. ಧ್ವನಿವರ್ಧಕದ ಮುಂದೆ ಅವರು ಕಾಗದದಲ್ಲಿಲ್ಲದ ವಾಕ್ಯವೊಂದನ್ನು ತಾವಾಗಿ ಸೇರಿಸುವುದೂ ಉಂಟು. ಹಿಂದಿನ ಸಾಲಿನಲ್ಲಿ ನಿಂತ ಬರೆದವನು ಬೇರೇನನ್ನೂ ಬರೆದುಕೊಳ್ಳದಿದ್ದರೂ ಆ ಒಂದು ವಾಕ್ಯವನ್ನು ಬರೆದುಕೊಳ್ಳಬೇಕು. ಆಗಸ್ಟ್ 15ರ ಭಾಷಣವನ್ನು ಅದರಿಂದ ಎತ್ತಬಹುದು.